ಹೂವಯ್ಯನಿಂದ ಹುಲಿಯನವರೆಗೆ

ಕುವೆಂಪು ಬರೆದದ್ದು ಎರಡೇ ಕಾದಂಬರಿ. ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂದಾಗ ಅವರಿನ್ನೂ ಮೂವತ್ತರ ಆಸುಪಾಸಿನ ತರುಣ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದಾಗ ವಯಸ್ಸು ಅರವತ್ತು ದಾಟಿತ್ತು. ಎರಡರಲ್ಲೂ ಅದೇ ತೀರ್ಥಹಳ್ಳಿ ಸೀಮೆ, ಅದೇ ಕಾಡು, ಅದೇ ಗೌಡರ ಮನೆಗಳು. ನೆಲ ಒಂದೇ ಆದ್ದರಿಂದ ನೋಡುವ ಕಣ್ಣು ಎಷ್ಟು ಬದಲಾಗಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಎರಡರ ಆರಂಭವನ್ನು ಪಕ್ಕಪಕ್ಕ ಇಟ್ಟು ಓದಿ. ‘ಕಾನೂರಿ’ನಲ್ಲಿ ಮೈಸೂರಿನಲ್ಲಿ ಓದುತ್ತಿರುವ ಹೂವಯ್ಯ, ರಾಮಯ್ಯ ರಜೆಗೆ ಊರಿಗೆ ಬರುತ್ತಾರೆ. ದಾರಿಯಲ್ಲಿ ಗಾಡಿ ಮಗುಚಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ. ಅವನನ್ನು ಮುತ್ತಳ್ಳಿಗೆ ಒಯ್ಯುತ್ತಾರೆ. ಅಲ್ಲಿ ಸೀತೆ ಇದ್ದಾಳೆ. ಹೊರಗೆ ಹೋಗಿ ಕಲಿತವನ ಕಣ್ಣಿನಿಂದ ಮಲೆನಾಡು ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ‘ಮದುಮಗಳು’ ಶುರುವಾಗುವುದು ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿಯಿಂದ. ಹೆಗಲಿಗೆ ಕಂಬಳಿ, ಜೊತೆಗೆ ಹುಲಿಯ ಎಂಬ ನಾಯಿ. ನಾಯಿಯ ನಂಟಿನಿಂದಲೇ ಅವನು ನಾಯಿಗುತ್ತಿ. ಅವನ ತಲೆಯಲ್ಲಿ ಸುಧಾರಣೆಯ ಕನಸಿಲ್ಲ. ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಯೋಚನೆ ಇದೆ.

ಮೊದಲ ಕಾದಂಬರಿಯ ಹೂವಯ್ಯ ಓದಿದವನು, ಧ್ಯಾನಿ, ಸೂರ್ಯೋದಯ ಕಂಡರೆ ಮೈಮರೆಯುವವನು, ಭೂತಕ್ಕೆ ಕುರಿಕೋಳಿ ಕಡಿಯುವುದನ್ನು ಒಪ್ಪದವನು. ಅವನ ದನಿಗೂ ಲೇಖಕರ ದನಿಗೂ ಅಂತರ ಕಡಿಮೆ. ಬೆಟ್ಟದ ವರ್ಣನೆಯಲ್ಲಿ ಸಂಸ್ಕೃತ ಪದಗಳು ಮೆರವಣಿಗೆ ಹೊರಡುತ್ತವೆ, ಉಪಮೆಯ ಮೇಲೆ ಉಪಮೆ ಬರುತ್ತದೆ. ಕವಿ ಕಾದಂಬರಿಕಾರನ ತೋಳು ಹಿಡಿದು ಎಳೆದಂತೆ. ನನ್ನ ಮಟ್ಟಿಗೆ ಆ ಪುಸ್ತಕದ ಜೀವ ಇರುವುದು ಬೇಟೆ, ಕಳ್ಳಿನಂಗಡಿ, ಆಳುಗಳ ಜಗಳದ ಪುಟಗಳಲ್ಲಿ. ಮುಂದಿನ ಕಾದಂಬರಿಯ ಬೀಜ ಅಲ್ಲೇ ಬಿದ್ದಿತ್ತು.

ಆ ಬೀಜ ಮೊಳೆಯುವಷ್ಟರಲ್ಲಿ ಮಧ್ಯೆ ‘ಶ್ರೀ ರಾಮಾಯಣ ದರ್ಶನಂ’ ಬಂತು, 1949ರಲ್ಲಿ. ಅಲ್ಲಿ ಮಂಥರೆಯೂ ಬರಿಯ ಕೇಡಿಗಳಲ್ಲ, ಭರತನ ಮೇಲಿನ ಮೋಹದಿಂದ ದಾರಿ ತಪ್ಪಿದವಳು. ಯಾರನ್ನೂ ಕೀಳೆಂದು ಬದಿಗೆ ಸರಿಸದ ಈ ನೋಟವೇ ‘ಮದುಮಗಳು’ ಕಾದಂಬರಿಯ ಕಟ್ಟಡವಾಗುತ್ತದೆ. ಇಲ್ಲಿ ನಾಯಕನಿಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಹೀಗೆ ಜೋಡಿಗಳ ಕತೆಗಳು ಕಾಡಿನ ಕಾಲುದಾರಿಗಳಂತೆ ಒಂದನ್ನೊಂದು ಹಾಯುತ್ತವೆ. ಒಬ್ಬನ ಹಿಂದೆ ಹೋಗುತ್ತಿರುವಾಗ ಲೇಖಕರು ಅವನನ್ನು ಅಲ್ಲೇ ಬಿಟ್ಟು ಇನ್ನೊಂದು ಮನೆಯ ಜಗಲಿ ಹತ್ತುತ್ತಾರೆ. ಮಾತೂ ಹಾಗೆಯೇ: ಗೌಡರದು ಒಂದು, ಆಳುಗಳದು ಇನ್ನೊಂದು. ಊರಿಗೆ ಹೊಸದಾಗಿ ಬಂದ ಬೈಸಿಕಲ್ಲು ಜನರ ಬಾಯಲ್ಲಿ ಬೀಸೆಕಲ್ಲಾಗುತ್ತದೆ. ಹಳೆಯ ಕುವೆಂಪು ಇದನ್ನೊಂದು ತಮಾಷೆಯಾಗಿ ಬರೆದು ಮುಂದೆ ಹೋಗುತ್ತಿದ್ದರೇನೋ. ಇಲ್ಲಿ ಆ ಒಂದು ಪದದಲ್ಲೇ ಪಾದ್ರಿ, ಮತಾಂತರ, ಹೊರಗಿನ ಲೋಕ ಎಲ್ಲವೂ ಮಲೆಗೆ ಕಾಲಿಡುತ್ತವೆ.

ಕಾಳಜಿಯ ಬೆಳವಣಿಗೆ ಕಾಣಬೇಕಾದರೆ ಹೆಣ್ಣುಗಳನ್ನು ನೋಡಬೇಕು. ‘ಕಾನೂರಿ’ನ ಸೀತೆ ಹೂವಯ್ಯನಿಗೆ ಮನಸ್ಸು ಕೊಟ್ಟವಳು, ತಾಳಿ ಕಟ್ಟಿದವನು ರಾಮಯ್ಯ. ಮನೆಯ ಯಜಮಾನ ಚಂದ್ರಯ್ಯಗೌಡರ ಮೂರನೆಯ ಹೆಂಡತಿ ಸುಬ್ಬಮ್ಮ, ಗಂಡ ಸತ್ತ ಮೇಲೆ ಗೆರೆ ದಾಟಿ, ಕೊನೆಗೆ ಜೀವವನ್ನೇ ತೆರುತ್ತಾಳೆ. ಲೇಖಕರಿಗೆ ಅವಳ ಬಗ್ಗೆ ಮರುಕವಿದೆ, ಆದರೆ ತೀರ್ಪೂ ಇದೆ. ‘ಮದುಮಗಳಿ’ನ ಚಿನ್ನಮ್ಮ ಒಲ್ಲದ ಮದುವೆಯ ಹೊತ್ತಿಗೆ ಮನೆ ಬಿಟ್ಟು ಕತ್ತಲಲ್ಲಿ ಹುಲಿಕಲ್ಲು ನೆತ್ತಿಯ ಕಡೆ ಓಡುತ್ತಾಳೆ. ಬೇಕಾದವನನ್ನೇ ಪಡೆಯುತ್ತಾಳೆ. ತಿಮ್ಮಿಯದೂ ಓಟವೇ. ಹಾಗೆಂದು ಎಲ್ಲರಿಗೂ ಬಿಡುಗಡೆ ಸಿಗುವುದಿಲ್ಲ. ಮದುವೆಯ ಕನಸು ಕಟ್ಟಿಕೊಂಡ ಕಾವೇರಿಯ ದುರಂತ ಓದಿದವರಿಗೆ ಅದು ಗೊತ್ತು. ವ್ಯತ್ಯಾಸ ಇಷ್ಟೇ: ಈಗ ಲೇಖಕರು ನ್ಯಾಯಾಧೀಶರ ಕುರ್ಚಿಯಿಂದ ಕೆಳಗಿಳಿದಿದ್ದಾರೆ.

ಪೂರ್ತಿ ಇಳಿದಿಲ್ಲ ಎನ್ನುವುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಕತೆಯ ನಡುವೆ ಕುವೆಂಪು ಷಿಕಾಗೋದ ವಿವೇಕಾನಂದರನ್ನು ಎಳೆದು ತರುತ್ತಾರೆ. ಗುತ್ತಿಗೂ ತಿಮ್ಮಿಗೂ ಗೊತ್ತಿಲ್ಲದ ಸಂಗತಿ ಅದು. ಹೂವಯ್ಯ ಬಾಗಿಲ ಸಂದಿನಿಂದ ಇಣುಕಿದಂತೆ ನನಗೆ ಅನ್ನಿಸುತ್ತದೆ. ಇನ್ನೊಂದು ತೊಡಕು, ಜನಸಂದಣಿ. ಮೊದಲ ನೂರು ಪುಟಗಳಲ್ಲಿ ಯಾರ ಮನೆ ಯಾವುದು, ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯದೆ ಪುಸ್ತಕ ಮಡಚಿಟ್ಟವರನ್ನು ನಾನು ಬಲ್ಲೆ.

‘ಕಾನೂರಿ’ನ ಕೊನೆಯ ಪುಟಗಳಲ್ಲಿ ನಮ್ಮ ಮನಸ್ಸು ಹೂವಯ್ಯನ ಆದರ್ಶದ ಕಡೆ ತಿರುಗಿರುತ್ತದೆ. ‘ಮದುಮಗಳು’ ಮುಗಿಯುವಾಗ ತುಂಬಿ ಹರಿಯುವ ತುಂಗೆಯಲ್ಲಿ ಕೊಚ್ಚಿಹೋಗುವ ಒಂದು ನಾಯಿಗಾಗಿ ಕಣ್ಣು ಒದ್ದೆಯಾಗುತ್ತದೆ. ಅರ್ಧಕ್ಕೇ ನಿಲ್ಲಿಸಿದವರಿಗೆ ನನ್ನದೊಂದು ಮಾತು: ಹೆಸರುಗಳ ಲೆಕ್ಕ ಬಿಡಿ, ಹುಲಿಯನ ಹಿಂದೆ ನಡೆಯಿರಿ.