ಊಟದ ಹೊತ್ತಿನ ವಾದ

ಊಟಕ್ಕೆ ಕುಳಿತಾಗ ರಾಜಕೀಯದ ಮಾತು ಕಾವೇರಿದರೆ "ಇನ್ನು ಸಾಕು ಮಾಡಿ" ಎಂದು ಕಿರಿಯನಾದವನು ಹೇಳುವಂತಿಲ್ಲ. ಹಿರಿಯರಿಗೆ ಅದು ಬುದ್ಧಿವಾದವೆನಿಸುತ್ತದೆ. ಥಟ್ಟನೆ ಮಳೆಬೆಳೆಯ ಸುದ್ದಿ ಎತ್ತಿದರೂ ಅದರ ಉದ್ದೇಶ ಎಲ್ಲರಿಗೂ ತಿಳಿದುಹೋಗುತ್ತದೆ.

ತೋರಣಗಲ್ಲಿನ ನಮ್ಮ ಮನೆಯನ್ನೇ ನೋಡಿರಿ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಜಿಲ್ಲೆಯನ್ನು ರಚಿಸಿದರು. ಹೊಸಪೇಟೆ ಅದರ ಕೇಂದ್ರವಾಯಿತು; ಸಂಡೂರು ತಾಲ್ಲೂಕಿಗೆ ಸೇರಿದ ನಮ್ಮೂರು ಬಳ್ಳಾರಿಯಲ್ಲಿಯೇ ಉಳಿಯಿತು. ಹೊಸಪೇಟೆಯ ಸೋದರಮಾವನಿಗೆ ಇದು ನ್ಯಾಯ, ಬಳ್ಳಾರಿಯ ಚಿಗಪ್ಪನಿಗೆ ಅನ್ಯಾಯ. ಮಾತು ಜಿಲ್ಲೆಯನ್ನು ಬಿಟ್ಟು "ನಿಮ್ಮವರು" ಎಂಬಲ್ಲಿಗೆ ಬಂದಿತೆಂದರೆ ಜಗಳ ಹತ್ತಿರವಾಯಿತೆಂದು ತಿಳಿಯಬೇಕು.

ಆಗ ನಾನು ರೊಟ್ಟಿಯ ಬುಟ್ಟಿ ಹಿಡಿದು ಏಳುತ್ತೇನೆ. ಬಡಿಸುವವನು ನಡುವೆ ಮಾತಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. "ಮಾವಾ, ಜಿಲ್ಲಾ ಕಚೇರಿ ಬಳ್ಳಾರಿಯಲ್ಲಿದ್ದಾಗ ಒಂದು ಕಾಗದಕ್ಕೆ ಎಷ್ಟು ಸಲ ಹೋಗಿಬರುತ್ತಿದ್ದಿರಿ? ಊಟಕ್ಕೇನು ಮಾಡುತ್ತಿದ್ದಿರಿ?" ಎಂದು ಕೇಳುತ್ತೇನೆ. ವಿಷಯ ಅದೇ, ಆದರೆ ಅಭಿಪ್ರಾಯದ ಬದಲು ಅನುಭವ ಹೊರಬರುತ್ತದೆ. ಅನುಭವಕ್ಕೆ ಎದುರುವಾದವಿಲ್ಲ. ಬಳಿಕ ಚಿಗಪ್ಪನನ್ನೂ ಅಂಥದೇ ಒಂದು ಪ್ರಶ್ನೆ ಕೇಳಲೇಬೇಕು. ಒಬ್ಬರನ್ನೇ ಕೇಳಿದರೆ ಪಕ್ಷಪಾತವಾದೀತು. "ಹಾಗಾದರೆ ಯಾರದು ಸರಿ?" ಎಂಬ ಪ್ರಶ್ನೆಯಂತೂ ಬೇಡವೇ ಬೇಡ.

ಇಬ್ಬರ ಕೈಯೂ ತಟ್ಟೆಗೆ ಮರಳಿತೆಂದರೆ ಉಪಾಯ ಫಲಿಸಿತೆನ್ನಬಹುದು. ಆದರೆ ಮಾತು ಯಾರದಾದರೂ ಜಾತಿಯನ್ನೋ ದೇವರನ್ನೋ ಹೀಯಾಳಿಸುವ ಮಟ್ಟಕ್ಕಿಳಿದರೆ ಈ ಉಪಾಯ ನಡೆಯದು. ನೊಂದವರೆದುರು ರೊಟ್ಟಿ ಬಡಿಸುತ್ತ ನಕ್ಕರೆ ಅದು ಅವರಿಗೆ ಇನ್ನೊಂದು ಪೆಟ್ಟು. ಅಲ್ಲಿ ಮನೆಯ ಹಿರಿಯರೇ ಬಾಯಿಬಿಟ್ಟು ಆಡಬೇಕು.