ಕುರುಡನನ್ನು ಹಂಗಿಸಿದ ದೊರೆ

ಐರನಿಗೆ ಉದಾಹರಣೆ ಕೊಡಿ ಎಂದರೆ ತರಗತಿಯಲ್ಲಿ ಮೊದಲು ಬರುವುದು ಕೊಂಕುಮಾತು. ತಡವಾಗಿ ಬಂದವನಿಗೆ ‘ಏನ್ ಸ್ವಾಮಿ, ಇಷ್ಟು ಬೇಗ ಬಂದ್ಬಿಟ್ರಿ?’ ಅನ್ನುವಂಥದ್ದು. ಉತ್ತರ ಪೂರ್ತಿ ತಪ್ಪಲ್ಲ. ಆಡಿದ್ದು ಒಂದು, ಅರ್ಥ ಇನ್ನೊಂದು. ಅಷ್ಟರಮಟ್ಟಿಗೆ ಅಲ್ಲಿ ಐರನಿ ಇದೆ. ಆದರೆ ಆ ಮಾತು ಎದುರಿಗಿರುವವನಿಗೆ ಚುಚ್ಚಲೆಂದೇ ಹೊರಟಿದೆ. ಆ ಚುಚ್ಚುವಿಕೆಯೇ ಸಾರ್ಕಾಸಂ. ತಡವಾಗಿ ಬಂದವನೇ ‘ಸಮಯಪಾಲನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ’ ಎಂದು ತನ್ನನ್ನೇ ನಗೆಯಾಡಿಕೊಂಡರೆ ಐರನಿ ಉಳಿಯುತ್ತದೆ, ಮುಳ್ಳು ಮಾತ್ರ ಇರುವುದಿಲ್ಲ.

ಸಾಹಿತ್ಯದ ಮೇಷ್ಟ್ರು ಇಲ್ಲಿಗೇ ನಿಲ್ಲಿಸುವಂತಿಲ್ಲ. ಆಡುವವನಿಗೆ ಗೊತ್ತೇ ಇಲ್ಲದ ಐರನಿಯೂ ಇದೆ. ಅದನ್ನು ತೋರಿಸಲು ಕ್ರಿ.ಪೂ. 5ನೇ ಶತಮಾನದ ಸೊಫೊಕ್ಲಿಸನ ಈಡಿಪಸ್ ನಾಟಕಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಪಿ. ಲಂಕೇಶರು ಅದನ್ನು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದಿದ್ದಾರೆ.

ಥೀಬ್ಸ್ ನಗರಕ್ಕೆ ಮಹಾಮಾರಿ ಬಡಿದಿದೆ. ಹಿಂದಿನ ದೊರೆ ಲೇಯಸನ ಕೊಲೆಗಾರ ಊರಲ್ಲೇ ಇರುವುದು ಅದಕ್ಕೆ ಕಾರಣವೆಂದು ದೈವವಾಣಿ ಹೇಳಿದೆ. ಈಡಿಪಸ್ ಆ ಕೊಲೆಗಾರನಿಗೆ ಎಲ್ಲರ ಮುಂದೆ ಶಾಪ ಹಾಕಿ, ಕುರುಡ ಕಣಿಗಾರ ಟೈರೀಸಿಯಸನನ್ನು ಕರೆಸುತ್ತಾನೆ. ಮುದುಕ ಬಾಯಿ ಬಿಡಲೊಲ್ಲ. ಕೆರಳಿದ ದೊರೆ ಕೊಲೆಯ ಸಂಚಿನಲ್ಲಿ ನಿನ್ನ ಕೈಯೂ ಇದೆ ಅಂದಾಗ, ಕೊಲೆಗಾರ ನೀನೇ ಎಂಬ ಉತ್ತರ ಬರುತ್ತದೆ. ಈಡಿಪಸ್ ಅವನ ಕುರುಡನ್ನು ಹಂಗಿಸುತ್ತಾನೆ. ಸ್ಫಿಂಕ್ಸ್ ಊರನ್ನು ಕಾಡುತ್ತಿದ್ದಾಗ ನಿನ್ನ ವಿದ್ಯೆ ಎಲ್ಲಿ ಹೋಗಿತ್ತು, ಒಗಟು ಬಿಡಿಸಿದವನು ನಾನಲ್ಲವೇ ಎಂದು ಕೇಳುತ್ತಾನೆ.

ಈ ಒಂದೇ ದೃಶ್ಯದಲ್ಲಿ ಎರಡೂ ಇವೆ. ಮೇಷ್ಟ್ರು ಕೇಳಬೇಕಾದ್ದು ಇಷ್ಟೇ: ಇಲ್ಲಿ ಯಾರಿಗೆ ಏನು ಗೊತ್ತು? ವಿದ್ಯೆಯ ಬಗೆಗಿನ ಆ ಪ್ರಶ್ನೆ ಉತ್ತರಕ್ಕಾಗಿ ಕೇಳಿದ್ದಲ್ಲವೆಂದು ಈಡಿಪಸನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು. ಅದು ಸಾರ್ಕಾಸಂ. ಆದರೆ ಕಣ್ಣಿದ್ದೂ ಕಾಣದವನು ತಾನೇ ಎಂಬುದು ದೊರೆಗೆ ಗೊತ್ತಿಲ್ಲ. ಕತೆ ಮೊದಲೇ ತಿಳಿದಿದ್ದ ಅಥೆನ್ಸಿನ ಪ್ರೇಕ್ಷಕರಿಗೆ ಅದು ಗೊತ್ತು. ಅವನು ಹಾಕಿದ ಶಾಪ ಅವನಿಗೇ ತಗಲುತ್ತದೆ, ಕೊನೆಗೆ ತನ್ನ ಕಣ್ಣನ್ನು ತಾನೇ ತಿವಿದುಕೊಳ್ಳುತ್ತಾನೆ. ಇದನ್ನು ನಾಟಕೀಯ ಐರನಿ ಅನ್ನುತ್ತಾರೆ. ಸೊಫೊಕ್ಲಿಸನ ಐರನಿಯ ಬಗ್ಗೆ ಇಂಗ್ಲಿಷಿನಲ್ಲಿ ಹೆಸರಾದ ಪ್ರಬಂಧವೊಂದನ್ನು ಕಾನಪ್ ಥರ್ಲ್‌ವಾಲ್ 1833ರಲ್ಲಿ ಬರೆದ. ಇಲ್ಲಿ ಯಾರೂ ಯಾರನ್ನೂ ಗೇಲಿ ಮಾಡುತ್ತಿಲ್ಲ ಎನ್ನುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೋಡುವವರಿಗೆ ನಗು ಬರುವುದಿಲ್ಲ, ಎದೆ ಝಲ್ಲೆನ್ನುತ್ತದೆ.

ದೊರೆಯ ಬದುಕೂ ಹಾಗೆಯೇ. ತಂದೆಯನ್ನು ಕೊಲ್ಲುವೆ ಎಂಬ ಭವಿಷ್ಯಕ್ಕೆ ಹೆದರಿ ಅವನು ಕೊರಿಂತ್ ಬಿಟ್ಟು ಓಡಿದ. ಓಡಿದ್ದರಿಂದಲೇ ದಾರಿಯಲ್ಲಿ ಲೇಯಸ್ ಎದುರಾದ. ತಪ್ಪಿಸಿಕೊಳ್ಳಲು ಮಾಡಿದ ಕೆಲಸವೇ ಸಿಕ್ಕಿಹಾಕಿಸಿತು; ಹಾಗಾಗಿ ಅದು ಸನ್ನಿವೇಶದ ಐರನಿ. ಮದುವೆಯ ದಿನ ಮಳೆ ಬಂದರೆ ಅದು ಬರೀ ದುರದೃಷ್ಟ. ಎಷ್ಟೋ ಉತ್ತರಪತ್ರಿಕೆಗಳು ಎಡವುವುದು ಇಲ್ಲೇ. ಅಂದುಕೊಂಡದ್ದೇನು, ಆದದ್ದೇನು, ಅದು ಯಾರಿಗೆ ಗೊತ್ತಿತ್ತು ಎಂದು ಬಿಡಿಸಿ ಹೇಳದೆ ‘ಇಲ್ಲಿ ಐರನಿ ಇದೆ’ ಎಂದಷ್ಟೇ ಬರೆದವರಿಗೆ ಅಂಕ ಕೊಡಬೇಕಿಲ್ಲ.