ಏರಿಳಿತದ ಆದಾಯಕ್ಕೊಂದು ವಿವರಣಾ ಪತ್ರ

ಮದುವೆ ಫೋಟೋಗ್ರಾಫರ್‌ಗೆ ಸಂಬಳದ ಚೀಟಿ ಇರುವುದಿಲ್ಲ. ಸಾಲದ ಅರ್ಜಿಯ ಜೊತೆ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೂ, ಅದನ್ನು ಬಿಡಿಸಿ ಹೇಳುವ ಒಂದು ಪುಟದ ಪತ್ರ ಬೇಕು.

ಒಂದು ಉದಾಹರಣೆ: ವರ್ಷದ ಒಟ್ಟು ಜಮೆ 7,80,000 ರೂಪಾಯಿ. ಇದರಲ್ಲಿ ಅಣ್ಣ ಕೊಟ್ಟ ಕೈಸಾಲ 1,20,000, ತನ್ನದೇ ಇನ್ನೊಂದು ಖಾತೆಯಿಂದ ಬಂದದ್ದು 60,000. ಇವೆರಡೂ ಆದಾಯವಲ್ಲ, ಅಧಿಕಾರಿ ಪತ್ತೆಹಚ್ಚುವ ಮೊದಲೇ ಪತ್ರದಲ್ಲಿ ಇವನ್ನು ಕಳೆದು ತೋರಿಸುವುದೇ ಲೇಸು. ಉಳಿದ 6,00,000ದಲ್ಲಿ ಸಹಾಯಕರ ಕೂಲಿ, ಆಲ್ಬಮ್ ಮುದ್ರಣಕ್ಕೆ 2,40,000 ಹೋದರೆ ಕೈಗೆ ಸಿಗುವುದು ತಿಂಗಳಿಗೆ ಸರಾಸರಿ 30,000.

ಆದರೆ ಸರಾಸರಿಯೊಂದೇ ಸಾಲದು. ಆಷಾಢದಲ್ಲಿ ಮದುವೆಗಳಿಲ್ಲ, ಆಗ ಜಮೆ 8,000ಕ್ಕೆ ಇಳಿದಿದೆ. ಆ ತಿಂಗಳ ಕಂತು ಮೇ ತಿಂಗಳ ಉಳಿಕೆಯಿಂದ ಹೋಗುತ್ತದೆ ಎಂದು ಖಾತೆಯ ಬಾಕಿ ಸಮೇತ ಬರೆಯಬೇಕು. ಪತ್ರದ ಮೊತ್ತಕ್ಕೂ ಆದಾಯ ತೆರಿಗೆ ರಿಟರ್ನ್‌ಗೂ ವ್ಯತ್ಯಾಸವಿದ್ದರೆ ಕಾರಣವನ್ನೂ ಅಲ್ಲೇ ತಿಳಿಸಬೇಕು.